ಜೊಮ್ಯಾಟೊಗೆ 41, ಸ್ವಿಗ್ಗಿಗೆ 390: ಬೆಲೆ ಕಟ್ಟುವ ಎರಡು ದಾರಿ

2024ರ ನವೆಂಬರ್ ಮೊದಲ ವಾರದಲ್ಲಿ ಬೆಂಗಳೂರಿನ ಸ್ವಿಗ್ಗಿ ಕಂಪನಿ ಷೇರು ಮಾರಾಟಕ್ಕೆ ಬಂತು. ಒಂದು ಷೇರಿಗೆ 371ರಿಂದ 390 ರೂಪಾಯಿ. 390ರ ಲೆಕ್ಕದಲ್ಲಿ ಇಡೀ ಕಂಪನಿಯ ಬೆಲೆ ಸುಮಾರು 87,300 ಕೋಟಿ ರೂಪಾಯಿ ಆಗುತ್ತಿತ್ತು. ಅದರ ಹಿಂದಿನ ಹಣಕಾಸು ವರ್ಷ, ಅಂದರೆ 2023–24ರಲ್ಲಿ, ಕಂಪನಿಯ ಆದಾಯ 11,247 ಕೋಟಿ. ನಷ್ಟ 2,350 ಕೋಟಿ.

ಉದ್ಯಮಶೀಲತೆಯ ತರಗತಿಯಲ್ಲಿ ಈ ಅಂಕಿಗಳನ್ನು ಬೋರ್ಡಿನ ಮೇಲೆ ಬರೆದರೆ ಮೊದಲು ಏಳುವ ಪ್ರಶ್ನೆ ಒಂದೇ: ವರ್ಷಕ್ಕೆ ಎರಡು ಸಾವಿರ ಕೋಟಿ ಕಳೆದುಕೊಳ್ಳುವ ಅಂಗಡಿಗೆ ಎಂಬತ್ತೇಳು ಸಾವಿರ ಕೋಟಿ ಕೊಡುವವರು ಯಾರು? ಕೊಡುವವರಿದ್ದರು, ಕೊಟ್ಟರು ಕೂಡ. ಅವರೆಲ್ಲ ಕಣ್ಣು ಮುಚ್ಚಿಕೊಂಡು ಕೊಟ್ಟರು ಅನ್ನುವುದು ಸುಲಭದ ಮಾತು. ಆ ಬೆಲೆಯ ಹಿಂದೆ ಒಂದು ಲೆಕ್ಕ ಇತ್ತು. ಅದು ಸರಿಯೇ ತಪ್ಪೇ ಅನ್ನುವುದು ಆಮೇಲಿನ ಮಾತು.

ಲೆಕ್ಕ ಮಾಡಲು ಎರಡು ದಾರಿಗಳಿವೆ. ಮೂವತ್ತು–ನಲವತ್ತರ ಸೈಟು ಕೊಳ್ಳಲು ಹೊರಟವರು ಮೊದಲು ಕೇಳುವುದು ಪಕ್ಕದ ಸೈಟು ಎಷ್ಟಕ್ಕೆ ಹೋಯಿತು ಎಂದು. ಇನ್ನು ಕೆಲವರು ಅಲ್ಲಿ ಮನೆ ಕಟ್ಟಿದರೆ ಬಾಡಿಗೆ ಎಷ್ಟು ಬಂದೀತು ಎಂದು ಲೆಕ್ಕ ಹಾಕುತ್ತಾರೆ. ಮೊದಲನೆಯದು ಹೋಲಿಕೆಯ ದಾರಿ. ಎರಡನೆಯದು ಮುಂದೆ ಬರುವ ಹಣವನ್ನು ಇಂದಿನ ಬೆಲೆಗೆ ಇಳಿಸಿ ನೋಡುವ ದಾರಿ, ಇದನ್ನೇ ಡಿಸ್ಕೌಂಟೆಡ್ ಕ್ಯಾಶ್ ಫ್ಲೋ, ಚಿಕ್ಕದಾಗಿ ಡಿಸಿಎಫ್ ಅನ್ನುತ್ತಾರೆ. ಊಟ ಮನೆಗೆ ತಲುಪಿಸುವ ಈ ಎರಡು ಕಂಪನಿಗಳ ಕಥೆಯಲ್ಲಿ ಎರಡೂ ದಾರಿಗಳು ಚೆನ್ನಾಗಿ ಕಾಣಸಿಗುತ್ತವೆ.

ಪಕ್ಕದ ಕಂಪನಿ ಎಷ್ಟಕ್ಕೆ ಹೋಗುತ್ತಿದೆ?

ಸ್ವಿಗ್ಗಿಗೆ ಹೋಲಿಕೆ ಹುಡುಕುವುದು ಕಷ್ಟದ ಕೆಲಸವಲ್ಲ. ಜೊಮ್ಯಾಟೊ ಆಗಲೇ ಷೇರುಪೇಟೆಯಲ್ಲಿತ್ತು. ಅದೇ ಊಟ, ಅದೇ ಊರುಗಳು, ಬಹುಮಟ್ಟಿಗೆ ಅದೇ ಹೋಟೆಲುಗಳು, ಎಷ್ಟೋ ಕಡೆ ಅದೇ ಗ್ರಾಹಕರು. ಆ ವಾರ ಜೊಮ್ಯಾಟೊ ಷೇರು 250 ರೂಪಾಯಿ ಆಸುಪಾಸಿನಲ್ಲಿತ್ತು. ಕಂಪನಿಯ ಒಟ್ಟು ಬೆಲೆ ಸುಮಾರು 2.2 ಲಕ್ಷ ಕೋಟಿ. 2023–24ರ ಆದಾಯ 12,114 ಕೋಟಿ.

ಲಾಭದ ಮೇಲೆ ಹೋಲಿಸಲು ಆಗುವುದಿಲ್ಲ. ಜೊಮ್ಯಾಟೊ ಆ ವರ್ಷ 351 ಕೋಟಿ ಲಾಭ ಮಾಡಿತ್ತು, ಬೆಲೆ ಲಾಭದ ಆರುನೂರು ಪಟ್ಟಿಗೂ ಮೇಲೆ. ಅದನ್ನು ಸ್ವಿಗ್ಗಿಯ ನಷ್ಟಕ್ಕೆ ಗುಣಿಸಿದರೆ ಬರುವ ಸಂಖ್ಯೆಗೆ ಅರ್ಥವೇ ಇಲ್ಲ. ಹಾಗಾಗಿ ಹೊಸ ಕಂಪನಿಗಳಲ್ಲಿ ಆದಾಯಕ್ಕೆ ಎಷ್ಟು ಪಟ್ಟು ಬೆಲೆ ಎಂದು ನೋಡುತ್ತಾರೆ. ಜೊಮ್ಯಾಟೊಗೆ ಅದು ಸುಮಾರು 18. ಸ್ವಿಗ್ಗಿಯ 11,247 ಕೋಟಿಯನ್ನು 18ರಿಂದ ಗುಣಿಸಿದರೆ ಎರಡು ಲಕ್ಷ ಕೋಟಿ ದಾಟುತ್ತದೆ. ಕಂಪನಿ ಕೇಳಿದ್ದು ಅದರ ಅರ್ಧಕ್ಕೂ ಕಡಿಮೆ, ಆದಾಯದ ಎಂಟು ಪಟ್ಟಿನೊಳಗೆ. ಹಾಗಾದರೆ ಸ್ವಿಗ್ಗಿ ಅರ್ಧ ಬೆಲೆಗೆ ಸಿಗುತ್ತಿತ್ತೇ?

ಇಲ್ಲಿ ಆದಾಯ ಅನ್ನುವ ಒಂದೇ ಸಾಲಿನೊಳಗೆ ಏನಿದೆ ಎಂದು ಬಿಡಿಸಿ ನೋಡಬೇಕು. ಸ್ವಿಗ್ಗಿಯ 11,247 ಕೋಟಿಯಲ್ಲಿ ಸುಮಾರು 4,780 ಕೋಟಿ ಬಂದದ್ದು ಸಗಟು ಸರಬರಾಜಿನ ವ್ಯಾಪಾರದಿಂದ. ಇಲ್ಲಿ ಮಾರಿದ ಸರಕಿನ ಪೂರ್ತಿ ಬೆಲೆಯೂ ಆದಾಯದ ಸಾಲಿನಲ್ಲಿ ಕೂತುಕೊಳ್ಳುತ್ತದೆ. ಊಟದ ವ್ಯಾಪಾರ ಹಾಗಲ್ಲ. ಅಲ್ಲಿ 400 ರೂಪಾಯಿ ಬಿರಿಯಾನಿಯಲ್ಲಿ ಕಂಪನಿಗೆ ಸಿಗುವ ಕಮಿಷನ್ನು, ಶುಲ್ಕ, ಜಾಹೀರಾತಿನ ಹಣವಷ್ಟೇ ಆದಾಯ. ಒಂದು ಸಾವಿರ ರೂಪಾಯಿಯ ಸಗಟು ಆದಾಯದಲ್ಲಿ ಉಳಿಯುವ ಹಣಕ್ಕೂ ಒಂದು ಸಾವಿರ ರೂಪಾಯಿಯ ಕಮಿಷನ್ನಿನಲ್ಲಿ ಉಳಿಯುವ ಹಣಕ್ಕೂ ಅಜಗಜಾಂತರ. ಜೊಮ್ಯಾಟೊಗೂ ಹೈಪರ್‌ಪ್ಯೂರ್ ಎಂಬ ಇಂಥದ್ದೇ ವ್ಯಾಪಾರವಿದೆ, ಆದರೆ ಅದರ ಪಾಲು 3,172 ಕೋಟಿ ಮಾತ್ರ.

ಎರಡೂ ಕಡೆ ಈ ಸಗಟು ಭಾಗವನ್ನು ತೆಗೆದಿಡೋಣ. ಸ್ವಿಗ್ಗಿಗೆ ಉಳಿಯುವುದು ಸುಮಾರು 6,470 ಕೋಟಿ, ಜೊಮ್ಯಾಟೊಗೆ 8,940 ಕೋಟಿ. ಈಗ ಅದೇ ಹೋಲಿಕೆ ಮಾಡಿದರೆ ಸ್ವಿಗ್ಗಿಯ ಬೆಲೆ ಸುಮಾರು 1.6 ಲಕ್ಷ ಕೋಟಿಗೆ ಇಳಿಯುತ್ತದೆ. ಒಂದು ಸಾಲು ಅಳಿಸಿದ್ದಕ್ಕೆ ನಲವತ್ತು ಸಾವಿರ ಕೋಟಿಗೂ ಹೆಚ್ಚು ಹಣ ಮಾಯವಾಯಿತು. ಹೋಲಿಕೆಯ ದಾರಿಯಲ್ಲಿ ತಪ್ಪುಗಳು ಬಹುಪಾಲು ಇಲ್ಲೇ ಆಗುವುದು. ಜನ ಗುಣಿಸುವ ಸಂಖ್ಯೆಯ ಬಗ್ಗೆ ಗಂಟೆಗಟ್ಟಲೆ ವಾದ ಮಾಡುತ್ತಾರೆ, ಯಾವುದನ್ನು ಗುಣಿಸುತ್ತಿದ್ದೇವೆ ಎಂದು ನೋಡುವುದಿಲ್ಲ.

ಇಷ್ಟಾದರೂ 1.6 ಲಕ್ಷ ಕೋಟಿಗೂ 87 ಸಾವಿರ ಕೋಟಿಗೂ ನಡುವೆ ದೊಡ್ಡ ಅಂತರ ಉಳಿಯಿತು. ಅದಕ್ಕೆ ಉತ್ತರ ಬೆಳವಣಿಗೆಯಲ್ಲಿದೆ. ಹಿಂದಿನ ವರ್ಷಕ್ಕೆ ಹೋಲಿಸಿದರೆ ಜೊಮ್ಯಾಟೊ ಆದಾಯ 71 ಶೇಕಡ ಏರಿತ್ತು, ಸ್ವಿಗ್ಗಿಯದು 36 ಶೇಕಡ. ದಿನಸಿಯನ್ನು ನಿಮಿಷಗಳಲ್ಲಿ ತಲುಪಿಸುವ ವ್ಯಾಪಾರದಲ್ಲಿ ಜೊಮ್ಯಾಟೊದ ಬ್ಲಿಂಕಿಟ್ ಆ ವರ್ಷ 12,469 ಕೋಟಿಯ ಆರ್ಡರ್ ಮಾಡಿದರೆ, ಸ್ವಿಗ್ಗಿಯ ಇನ್‌ಸ್ಟಾಮಾರ್ಟ್ 8,069 ಕೋಟಿಯಲ್ಲಿತ್ತು. ಒಂದು ಲಾಭದ ಹೊಸ್ತಿಲು ದಾಟಿತ್ತು, ಇನ್ನೊಂದು ಹೊರಗಿತ್ತು. ಹೀಗೆ ಬೆಳವಣಿಗೆಯಲ್ಲೂ ಲಾಭದಲ್ಲೂ ಹಿಂದಿರುವ ಕಂಪನಿಗೆ ಅದೇ ಪಟ್ಟಿನ ಬೆಲೆ ಸಿಗುವುದಿಲ್ಲ. ಆದಾಯದ 18 ಪಟ್ಟು, 8 ಪಟ್ಟು ಎನ್ನುವ ಸಂಖ್ಯೆಗಳು ಆಕಾಶದಿಂದ ಇಳಿದವಲ್ಲ. ಇನ್ನೆಷ್ಟು ಬೆಳೆಯುತ್ತದೆ, ನೂರು ರೂಪಾಯಿ ಆದಾಯದಲ್ಲಿ ಕೊನೆಗೆ ಎಷ್ಟು ಉಳಿಯುತ್ತದೆ, ಆ ಬೆಳವಣಿಗೆಗೆ ಎಷ್ಟು ಹಣ ಸುರಿಯಬೇಕು, ದಾರಿಯಲ್ಲಿ ಎಡವುವ ಅಪಾಯ ಎಷ್ಟು ಎಂಬ ನಾಲ್ಕು ಊಹೆಗಳು ಆ ಒಂದು ಅಂಕಿಯೊಳಗೆ ಮಡಚಿಕೊಂಡು ಕೂತಿವೆ. ಹೋಲಿಕೆ ಮಾಡುವವನು ಆ ಊಹೆಗಳನ್ನು ನೋಡದೆಯೇ ಸಾಲ ಪಡೆಯುತ್ತಾನೆ.

ಇನ್ನೊಂದು ತೊಡಕು, ಪಕ್ಕದ ಕಂಪನಿಯ ಬೆಲೆಯೇ ತಪ್ಪಾಗಿದ್ದರೆ? ನವೆಂಬರಿನಲ್ಲಿ ಇಡೀ ಪೇಟೆ ಜೊಮ್ಯಾಟೊಗೆ ಅತಿ ಬೆಲೆ ಕೊಟ್ಟಿದ್ದರೆ ಸ್ವಿಗ್ಗಿಯ ಲೆಕ್ಕವೂ ಅದರ ಜೊತೆಗೇ ಉಬ್ಬುತ್ತದೆ. ಹೋಲಿಕೆ ಹೇಳುವುದು ಇವತ್ತು ಪೇಟೆಯಲ್ಲಿ ಇದಕ್ಕೆ ಎಷ್ಟು ಸಿಕ್ಕೀತು ಎಂದು ಮಾತ್ರ. ಮಾರಲು ಹೊರಟವನಿಗೆ ಅಷ್ಟು ಸಾಕು, ಹತ್ತು ವರ್ಷ ಇಟ್ಟುಕೊಳ್ಳುವವನಿಗೆ ಸಾಲದು.

ಪಕ್ಕದಲ್ಲಿ ಯಾರೂ ಇಲ್ಲದಿದ್ದರೆ

ಮೂರು ವರ್ಷ ಹಿಂದೆ, 2021ರ ಜುಲೈನಲ್ಲಿ, ಜೊಮ್ಯಾಟೊ ತಾನೇ ಷೇರು ಮಾರಲು ಬಂದಾಗ ಇಂಥ ಹೋಲಿಕೆಗೆ ಭಾರತದ ಷೇರುಪೇಟೆಯಲ್ಲಿ ಮತ್ತೊಂದು ಕಂಪನಿ ಇರಲಿಲ್ಲ. ಹೊರಗೆ ನೋಡಿದರೆ ಅಮೆರಿಕದ ಡೋರ್‌ಡ್ಯಾಶ್ ಹಿಂದಿನ ವರ್ಷದ ಆದಾಯದ ಸುಮಾರು 20 ಪಟ್ಟಿನಲ್ಲಿ ನಡೆಯುತ್ತಿತ್ತು. ಲಂಡನ್ನಿನ ಡೆಲಿವರೂ ಮಾರ್ಚಿನಲ್ಲಿ 6 ಪಟ್ಟಿನ ಸುತ್ತ ಷೇರು ಮಾರಿ ಮೊದಲ ದಿನವೇ ಕಾಲುಭಾಗಕ್ಕೂ ಹೆಚ್ಚು ಬೆಲೆ ಕಳೆದುಕೊಂಡಿತ್ತು. ಜೊಮ್ಯಾಟೊ ಆದಾಯ ಆಗ 1,994 ಕೋಟಿ. ಒಂದು ಹೋಲಿಕೆಯಲ್ಲಿ ಬೆಲೆ 12 ಸಾವಿರ ಕೋಟಿ, ಇನ್ನೊಂದರಲ್ಲಿ 40 ಸಾವಿರ ಕೋಟಿ. ಕಂಪನಿ ಕೇಳಿದ್ದು ಷೇರಿಗೆ 76 ರೂಪಾಯಿ, ಅಂದರೆ ಸುಮಾರು 60 ಸಾವಿರ ಕೋಟಿ, ಆದಾಯದ 30 ಪಟ್ಟು. ಇಷ್ಟು ಅಗಲದ ಉತ್ತರವನ್ನು ಇಟ್ಟುಕೊಂಡು ಯಾರೂ ತೀರ್ಮಾನಕ್ಕೆ ಬರಲಾರರು.

ಆ ವಾರಗಳಲ್ಲೇ ನ್ಯೂಯಾರ್ಕ್ ವಿಶ್ವವಿದ್ಯಾಲಯದ ಸ್ಟರ್ನ್ ಶಾಲೆಯ ಪ್ರಾಧ್ಯಾಪಕ ಅಶ್ವಥ್ ದಾಮೋದರನ್ ಜೊಮ್ಯಾಟೊಗೆ ತಮ್ಮ ಡಿಸಿಎಫ್ ಲೆಕ್ಕ ಪ್ರಕಟಿಸಿದರು. ಬೆಲೆ ಕಟ್ಟುವ ವಿದ್ಯೆಯಲ್ಲಿ ಜಗತ್ತೇ ಕಿವಿಗೊಡುವ ಈ ಮೇಷ್ಟ್ರು ಬೆಂಗಳೂರಿನ ಐಐಎಂನಲ್ಲಿ ಓದಿದವರು. ಅವರ ಉತ್ತರ: ಷೇರಿಗೆ ಸುಮಾರು 41 ರೂಪಾಯಿ.

ಅವರ ಲೆಕ್ಕ ಶುರುವಾದದ್ದು ಕಂಪನಿಯಿಂದಲ್ಲ, ಊಟದಿಂದ. ಹತ್ತು ವರ್ಷ ಕಳೆದ ಮೇಲೆ ಭಾರತದಲ್ಲಿ ಮನೆಗೆ ತರಿಸಿಕೊಳ್ಳುವ ಊಟದ ಒಟ್ಟು ವ್ಯಾಪಾರ ಸುಮಾರು 2,500 ಕೋಟಿ ಡಾಲರ್ ಆಗಬಹುದು, ಅದರಲ್ಲಿ ಜೊಮ್ಯಾಟೊ ಪಾಲು 40 ಶೇಕಡ, ಪ್ರತಿ ಆರ್ಡರಿನಲ್ಲಿ ಕಂಪನಿಗೆ ಉಳಿಯುವ ಆದಾಯ 22 ಶೇಕಡ ಎಂದು ಹಿಡಿದರು. ಮುಂದಿನದನ್ನು ತರಗತಿಗೆ ಒಗ್ಗುವಂತೆ ಸರಳ ಮಾಡಿ ನಾನೇ ಲೆಕ್ಕ ಹಾಕುತ್ತೇನೆ. ಈ ಮೂರು ಅಂಕಿ ಅವರದು, ಉಳಿದ ದುಂಡು ಅಂಕಿಗಳು ಬಹುಪಾಲು ನನ್ನವು. ಉತ್ತರ ಮೊದಲೇ ಗೊತ್ತಿರುವ ಮೇಷ್ಟ್ರ ಅನುಕೂಲ ನನಗಿದೆ ಎಂಬುದನ್ನು ಓದುಗರು ಮರೆಯಬಾರದು.

ಡಾಲರನ್ನು ರೂಪಾಯಿಗೆ ತಂದರೆ ಹತ್ತನೇ ವರ್ಷದ ಒಟ್ಟು ವ್ಯಾಪಾರ ಸುಮಾರು 1.8 ಲಕ್ಷ ಕೋಟಿ. ಅದರ 40 ಶೇಕಡ ಅಂದರೆ 72,000 ಕೋಟಿಯ ಆರ್ಡರುಗಳು. ಅದರ 22 ಶೇಕಡ, 15,840 ಕೋಟಿ, ಕಂಪನಿಯ ಆದಾಯ. ಸ್ಪರ್ಧೆ ತಣ್ಣಗಾಗಿ, ರಿಯಾಯಿತಿ ಹಂಚುವುದು ನಿಂತ ಆ ಕಾಲದಲ್ಲಿ ಆದಾಯದ 30 ಶೇಕಡ ಲಾಭ ಉಳಿಯಿತು ಅಂದುಕೊಳ್ಳೋಣ, 4,750 ಕೋಟಿ. ಕಾಲುಭಾಗ ತೆರಿಗೆ ಕಳೆದರೆ ಸುಮಾರು 3,560 ಕೋಟಿ.

ಹೊಸಬರು ಇಲ್ಲಿಗೇ ನಿಲ್ಲಿಸಿಬಿಡುತ್ತಾರೆ. ಲಾಭ ಬೇರೆ, ಮಾಲೀಕ ಮನೆಗೆ ಒಯ್ಯಬಹುದಾದ ಹಣ ಬೇರೆ. ಕಂಪನಿ ಮುಂದೆಯೂ ಬೆಳೆಯಬೇಕಾದರೆ ಹೊಸ ಊರು, ಹೊಸ ತಂತ್ರಾಂಶ, ಹೊಸ ಗೋದಾಮು ಎಂದು ಲಾಭದ ಒಂದು ಭಾಗ ವ್ಯಾಪಾರಕ್ಕೇ ಹಿಂತಿರುಗಬೇಕು. ಮೂರನೇ ಒಂದು ಭಾಗ ಹಿಂದಕ್ಕೆ ಹೋಯಿತು ಎನ್ನೋಣ. ಕೈಗೆ ಬರುವುದು 2,400 ಕೋಟಿ. ಈ ಮೂರನೇ ಒಂದು ಭಾಗ ಕಳೆಯುವುದನ್ನು ಮರೆತರೆ ವ್ಯಾಪಾರದ ಬೆಲೆ ಒಂದೂವರೆ ಪಟ್ಟು ಉಬ್ಬುತ್ತದೆ. ವಿದ್ಯಾರ್ಥಿಗಳ ಎಕ್ಸೆಲ್ ಹಾಳೆಗಳಲ್ಲಿ ಇದು ತೀರಾ ಸಾಮಾನ್ಯ. ವರ್ಷವರ್ಷವೂ ಬೆಳೆಯುವ, ಆದರೆ ಬೆಳೆಯಲು ಒಂದು ಪೈಸೆಯೂ ಬೇಕಾಗದ ಕಂಪನಿಯನ್ನು ಹಾಳೆಯ ಮೇಲೆ ಮಾತ್ರ ಕಾಣಬಹುದು.

ಹತ್ತನೇ ವರ್ಷದ ಆಚೆಗೆ ಪ್ರತಿ ವರ್ಷವನ್ನೂ ಊಹಿಸುತ್ತಾ ಕೂರಲು ಆಗುವುದಿಲ್ಲ. ಅಲ್ಲಿಂದ ಮುಂದೆ ಹಣ ವರ್ಷಕ್ಕೆ 5 ಶೇಕಡ ಏರುತ್ತಾ ಹೋಗುತ್ತದೆ ಎಂದು ಹಿಡಿದು, ಆ ಎಲ್ಲ ವರ್ಷಗಳ ಬೆಲೆಯನ್ನು ಒಂದೇ ಸೂತ್ರದಲ್ಲಿ ತೆಗೆಯುತ್ತಾರೆ. ಇದಕ್ಕೆ ಟರ್ಮಿನಲ್ ವ್ಯಾಲ್ಯೂ ಎಂದು ಹೆಸರು. ಹನ್ನೊಂದನೇ ವರ್ಷದ ಹಣ 2,520 ಕೋಟಿ. ಹೂಡಿದವನು ಈ ಅಪಾಯಕ್ಕೆ ವರ್ಷಕ್ಕೆ 10 ಶೇಕಡ ಪ್ರತಿಫಲ ಬಯಸುತ್ತಾನೆ ಎಂದುಕೊಂಡರೆ, 10ರಲ್ಲಿ 5 ಕಳೆದು ಉಳಿದ 5 ಶೇಕಡದಿಂದ ಭಾಗಿಸಬೇಕು:

```
2520 / (0.10 - 0.05) = 50400
```

ಹತ್ತು ವರ್ಷ ಕಳೆದ ಮೇಲೆ ಕಂಪನಿಯ ಬೆಲೆ 50,400 ಕೋಟಿ. ಆದರೆ ಅದು ಹತ್ತು ವರ್ಷ ದೂರದ ಹಣ. ಇವತ್ತಿನ ಒಂದು ರೂಪಾಯಿ ವರ್ಷಕ್ಕೆ 10 ಶೇಕಡದಂತೆ ಹತ್ತು ವರ್ಷದಲ್ಲಿ ಸುಮಾರು 2.59 ರೂಪಾಯಿ ಆಗುತ್ತದೆ, ಆದ್ದರಿಂದ ಅಂದಿನ ಹಣವನ್ನು 2.59ರಿಂದ ಭಾಗಿಸಿದರೆ ಇಂದಿನ ಬೆಲೆ ಸಿಗುತ್ತದೆ: ಸುಮಾರು 19,400 ಕೋಟಿ. ನಡುವಿನ ಹತ್ತು ವರ್ಷಗಳಲ್ಲಿ ಮೊದಲ ನಷ್ಟವೂ ಆಮೇಲಿನ ಲಾಭವೂ ಸರಿಸುಮಾರು ಒಂದನ್ನೊಂದು ತಿಂದುಹಾಕುತ್ತವೆ ಎಂದು ಇಲ್ಲಿ ಬಿಟ್ಟಿದ್ದೇನೆ. ನಿಜವಾದ ಲೆಕ್ಕದಲ್ಲಿ ಹತ್ತೂ ಸಾಲುಗಳನ್ನು ಬರೆಯಲೇಬೇಕು.

ಅಷ್ಟರೊಳಗೆ ಕಂಪನಿಯೇ ಮುಚ್ಚಿಹೋದರೆ? ಹತ್ತರಲ್ಲಿ ಒಂದು ಪಾಲು ಆ ಸಾಧ್ಯತೆಗೆ ಬಿಟ್ಟರೆ 17,500 ಕೋಟಿ. ಇದಕ್ಕೆ ಕೈಯಲ್ಲಿರುವ ನಗದು ಸೇರಿಸಬೇಕು. ಹೊಸ ಷೇರುಗಳಿಂದ ಬಂದ 9,000 ಕೋಟಿ, ಮೊದಲಿನದು ಸೇರಿ ಸುಮಾರು 15,000 ಕೋಟಿ ಎನ್ನೋಣ. ಒಟ್ಟು 32,500 ಕೋಟಿ. ಸುಮಾರು 784 ಕೋಟಿ ಷೇರುಗಳಿಗೆ ಹಂಚಿದರೆ ಷೇರಿಗೆ 41 ರೂಪಾಯಿ ಚಿಲ್ಲರೆ.

ಉತ್ತರದ ಭಾರ ಎಲ್ಲಿದೆ?

ಈ 41ನ್ನು ಬಾಯಿಪಾಠ ಮಾಡುವುದರಿಂದ ಪ್ರಯೋಜನವಿಲ್ಲ. ಯಾವ ಕಂಬದ ಮೇಲೆ ಅದು ನಿಂತಿದೆ ಎಂದು ಒಂದೊಂದೇ ಅಲುಗಾಡಿಸಿ ನೋಡಬೇಕು.

ಬಯಸುವ ಪ್ರತಿಫಲವನ್ನು 10ರಿಂದ 12 ಶೇಕಡಕ್ಕೆ ಏರಿಸಿ. ಭಾಗಿಸುವ ಅಂಕಿ 5ರಿಂದ 7 ಆಗುತ್ತದೆ, ಹತ್ತು ವರ್ಷದ ಗುಣಕ 2.59ರಿಂದ 3.11 ಆಗುತ್ತದೆ. ವ್ಯಾಪಾರದ ಬೆಲೆ 19,400 ಕೋಟಿಯಿಂದ 11,600 ಕೋಟಿಗೆ ಕುಸಿಯುತ್ತದೆ. ಎರಡೇ ಶೇಕಡಕ್ಕೆ ನಲವತ್ತು ಶೇಕಡ ಹೋಯಿತು. ಬಡ್ಡಿ ದರ ಏರಿದಾಗ ಲಾಭ ಕಾಣದ ಕಂಪನಿಗಳ ಷೇರುಗಳೇ ಮೊದಲು ನೆಲ ಕಚ್ಚುವುದಕ್ಕೆ ಕಾರಣ ಇದೇ. ಅವುಗಳ ಹಣವೆಲ್ಲ ದೂರದ ವರ್ಷಗಳಲ್ಲಿದೆ.

ಈಗ ಲೆಕ್ಕವನ್ನು ತಿರುಗಿಸಿ ಹಾಕೋಣ. ಜನ ಕೊಟ್ಟದ್ದು 76 ರೂಪಾಯಿ. ಅದು ಸರಿಯಾದ ಬೆಲೆ ಆಗಬೇಕಾದರೆ ಏನು ನಿಜವಾಗಬೇಕು? ಉಳಿದೆಲ್ಲ ಅಂಕಿಗಳನ್ನು ಹಾಗೇ ಇಟ್ಟರೆ, ಊಟದ ವ್ಯಾಪಾರ 2,500 ಕೋಟಿ ಡಾಲರಿನ ಬದಲು 6,000 ಕೋಟಿ ಡಾಲರನ್ನೂ ದಾಟಬೇಕು. ಮೊದಲ ದಿನವೇ ಷೇರು 125 ದಾಟಿ ನಿಂತಿತು, ಅದಕ್ಕೆ ಇನ್ನೂ ದೊಡ್ಡ ಕನಸು ಬೇಕು. ನನಗೆ ಡಿಸಿಎಫ್‌ನ ಅತ್ಯಂತ ಉಪಯುಕ್ತ ಬಳಕೆ ಇದೇ ಅನ್ನಿಸುತ್ತದೆ. ಬೆಲೆಯನ್ನು ಕೊಟ್ಟು ಅದರ ಹಿಂದಿನ ಊಹೆಯನ್ನು ಹೊರಗೆಳೆಯುವುದು. ಷೇರಿಗೆ 76 ಹೆಚ್ಚೋ ಕಡಿಮೆಯೋ ಎಂದು ಜಗಳವಾಡುವುದಕ್ಕಿಂತ, ಭಾರತದ ಮಧ್ಯಮ ವರ್ಗ ಹತ್ತು ವರ್ಷದಲ್ಲಿ ಎಷ್ಟು ಸಲ ಹೊರಗಿನ ಊಟ ತರಿಸೀತು ಎಂದು ಚರ್ಚಿಸುವುದು ಸುಲಭ. ಅದಕ್ಕೆ ಆದಾಯ, ಜನಸಂಖ್ಯೆ, ಅಡುಗೆಮನೆಯ ಅಭ್ಯಾಸದ ಬಗ್ಗೆ ಯಾರಾದರೂ ಮಾತಾಡಬಹುದು.

ಮುಂದೆ ಏನಾಯಿತು? ಸರಿಯಾಗಿ ಒಂದು ವರ್ಷಕ್ಕೆ, 2022ರ ಜುಲೈ ಕೊನೆಯಲ್ಲಿ, ಹಳೆಯ ಹೂಡಿಕೆದಾರರಿಗೆ ಷೇರು ಮಾರಲು ಇದ್ದ ನಿರ್ಬಂಧ ಮುಗಿಯುತ್ತಿದ್ದಂತೆ ಜೊಮ್ಯಾಟೊ ಷೇರು 41 ರೂಪಾಯಿಗೆ ಇಳಿಯಿತು. ದಾಮೋದರನ್ ಅವರನ್ನು ಜನ ಜ್ಯೋತಿಷಿಯಂತೆ ಹೊಗಳಿದರು. ಅದು ಅಸಂಬದ್ಧ ಹೊಗಳಿಕೆ. ಒಂದು ದಿನದ ಪೇಟೆ ಬೆಲೆ ಹತ್ತು ವರ್ಷದ ಊಹೆಯನ್ನು ಸರಿ ಎಂದು ಸಾಬೀತು ಮಾಡುವುದಿಲ್ಲ. 2024ರಲ್ಲಿ ಅದೇ ಷೇರು 250 ದಾಟಿದಾಗ ಅದೇ ಜನ ಮೇಷ್ಟ್ರು ಎಡವಿದರು ಅಂದರು.

ಎಡವಿದ್ದು ಎಲ್ಲಿ ಎಂದು ನೋಡುವುದು ಹೊಗಳಿಕೆ–ತೆಗಳಿಕೆಗಳಿಗಿಂತ ಹೆಚ್ಚು ಕಲಿಸುತ್ತದೆ. 2022ರಲ್ಲಿ ಜೊಮ್ಯಾಟೊ ಬ್ಲಿಂಕಿಟ್ ಅನ್ನು ಸುಮಾರು 4,450 ಕೋಟಿ ರೂಪಾಯಿ ಬೆಲೆಯ ಷೇರು ಕೊಟ್ಟು ಕೊಂಡಿತು. 2025ರ ಏಪ್ರಿಲ್–ಜೂನ್ ತ್ರೈಮಾಸಿಕದ ಹೊತ್ತಿಗೆ ಬ್ಲಿಂಕಿಟ್‌ನ ಆರ್ಡರುಗಳ ಮೊತ್ತ ಊಟದ ಆರ್ಡರುಗಳನ್ನೇ ಮೀರಿಸಿತು. ಕಂಪನಿ ತನ್ನ ಹೆಸರನ್ನೂ ಎಟರ್ನಲ್ ಎಂದು ಬದಲಿಸಿಕೊಂಡಿತ್ತು. 2021ರ ಹಾಳೆಯಲ್ಲಿ ಊಟದ ವ್ಯಾಪಾರಕ್ಕೆ ಸಾಲಿತ್ತು, ಹತ್ತು ನಿಮಿಷದಲ್ಲಿ ಈರುಳ್ಳಿ ತಲುಪಿಸುವ ವ್ಯಾಪಾರಕ್ಕೆ ಸಾಲೇ ಇರಲಿಲ್ಲ. ಡಿಸಿಎಫ್ ತನ್ನೊಳಗೆ ಬರೆದ ಕಥೆಯನ್ನು ಮಾತ್ರ ಅಳೆಯುತ್ತದೆ. ಕೈಯಲ್ಲಿ 15,000 ಕೋಟಿ ನಗದು, ಊರೂರಲ್ಲಿ ಬೈಕು ಸವಾರರು, ಫೋನಿನಲ್ಲಿ ಆಪ್ ಇರುವ ಕಂಪನಿ ನಾಳೆ ಬೇರೆ ಏನನ್ನಾದರೂ ಮಾಡಬಹುದು ಎಂಬ ಸಾಧ್ಯತೆಗೆ ಅದರಲ್ಲಿ ಜಾಗವಿರುವುದಿಲ್ಲ. ಹಾಗೆಂದು ಪ್ರತಿ ಸ್ಟಾರ್ಟಪ್ಪಿಗೂ ಆ ಸಾಧ್ಯತೆಯ ಹೆಸರಿನಲ್ಲಿ ಬೆಲೆ ಏರಿಸುವುದೂ ಸಲ್ಲ. ಬಹಳ ಕಂಪನಿಗಳಿಗೆ ಆ ನಗದೂ ಇಲ್ಲ, ಆ ಸವಾರರೂ ಇಲ್ಲ.

ಒಂದು ಕೋಟಿ ಆದಾಯದ ಕಂಪನಿಗೆ

ಇವೆಲ್ಲ ಸಾವಿರ ಕೋಟಿಗಳ ಮಾತು. ತರಗತಿಯಲ್ಲಿ ಕೂತವರ ಕಂಪನಿಗೆ ವರ್ಷಕ್ಕೆ ಒಂದು ಕೋಟಿ ಆದಾಯವಿದ್ದರೆ ಅದೇ ದೊಡ್ಡದು. ಹತ್ತು ವರ್ಷದ ಹಾಳೆ ಬರೆಯುವಷ್ಟು ಹಿನ್ನೆಲೆ ಇಲ್ಲದ ಕಡೆ ಹೂಡಿಕೆದಾರರು ಎರಡೂ ದಾರಿಗಳನ್ನು ಬೆಸೆದು ಒಂದು ಒರಟು ಲೆಕ್ಕ ಮಾಡುತ್ತಾರೆ. ಒಂದು ಕಾಲ್ಪನಿಕ ಉದಾಹರಣೆ ತೆಗೆದುಕೊಳ್ಳೋಣ.

ಐದು ವರ್ಷದಲ್ಲಿ ಆದಾಯ 20 ಕೋಟಿ ಆಗುತ್ತದೆ ಎಂದು ಸ್ಥಾಪಕರು ಹೇಳುತ್ತಾರೆ. ಆ ಕ್ಷೇತ್ರದ ಪ್ರೌಢ ಕಂಪನಿಗಳು ಆದಾಯದ 3 ಪಟ್ಟಿಗೆ ಕೈ ಬದಲಾಗುತ್ತವೆ. ಅಲ್ಲಿಗೆ ಐದನೇ ವರ್ಷದ ಬೆಲೆ 60 ಕೋಟಿ, ಇದು ಹೋಲಿಕೆಯ ಭಾಗ. ಹೂಡಿಕೆದಾರ ಐದು ವರ್ಷದಲ್ಲಿ ಹಣ ಹತ್ತು ಪಟ್ಟಾಗಬೇಕು ಅನ್ನುತ್ತಾನೆ. ಹಾಗಾಗಿ ಇಂದಿನ ಬೆಲೆ 6 ಕೋಟಿ, ಇದು ಹಿಂದಕ್ಕೆ ಇಳಿಸುವ ಭಾಗ. ಅವನು ಹಾಕುವುದು ಒಂದು ಕೋಟಿ. ಹಣ ಬಂದ ಮೇಲಿನ ಬೆಲೆ, ಅಂದರೆ ಪೋಸ್ಟ್–ಮನಿ, 6 ಕೋಟಿ. ಬರುವ ಮೊದಲಿನ ಬೆಲೆ, ಪ್ರಿ–ಮನಿ, 5 ಕೋಟಿ. ಅವನ ಪಾಲು ಆರರಲ್ಲಿ ಒಂದು, ಸುಮಾರು 17 ಶೇಕಡ.

ಅನುಭವವಿಲ್ಲದ ಸ್ಥಾಪಕರು ಇಲ್ಲಿಗೆ ಸಹಿ ಹಾಕಲು ಸಿದ್ಧರಾಗುತ್ತಾರೆ, ಆದರೆ ಎದುರಿಗಿರುವವನ ಲೆಕ್ಕ ಮುಗಿದಿರುವುದಿಲ್ಲ. ಐದು ವರ್ಷದೊಳಗೆ ಇನ್ನೂ ಎರಡು ಸುತ್ತು ಹಣ ಎತ್ತಬೇಕಾಗುತ್ತದೆ, ಆಗ ಹೊಸ ಷೇರುಗಳು ಹುಟ್ಟಿ ಅವನ ಪಾಲು ನಲವತ್ತು ಶೇಕಡ ಕರಗುತ್ತದೆ ಎಂದು ಅವನಿಗೆ ಗೊತ್ತು. ಹಾಗಾಗಿ 60 ಕೋಟಿಯಲ್ಲಿ ಈಗಿನ ಷೇರುಗಳಿಗೆ ದಕ್ಕುವುದು 36 ಕೋಟಿ ಮಾತ್ರ. ಹತ್ತರಿಂದ ಭಾಗಿಸಿದರೆ ಪೋಸ್ಟ್–ಮನಿ 3.6 ಕೋಟಿ. ಅದೇ ಒಂದು ಕೋಟಿಗೆ ಅವನು ಈಗ ಕೇಳುವುದು ಸುಮಾರು 28 ಶೇಕಡ. ಪ್ರಿ–ಮನಿ 5 ಕೋಟಿಯಿಂದ 2.6 ಕೋಟಿಗೆ ಇಳಿಯಿತು. ಸ್ಥಾಪಕರಿಗೆ ಇದು ಅನ್ಯಾಯ ಅನ್ನಿಸಬಹುದು. ಆದರೆ ಮುಂದೆ ಬೇಕಾಗುವ ಹಣದ ಅಂದಾಜು ಪಟ್ಟಿಯನ್ನು ಮೊದಲೇ ಕೊಟ್ಟು, ನಲವತ್ತು ಬೇಡ ಇಪ್ಪತ್ತೈದೇ ಕರಗುತ್ತದೆ ಎಂದು ತೋರಿಸಬಲ್ಲವರು ಈ ಜಾಗದಲ್ಲಿ ನಿಜವಾಗಿ ಚೌಕಾಸಿ ಮಾಡಬಲ್ಲರು.

ಹತ್ತು ಪಟ್ಟು ಅಂದರೆ ವರ್ಷಕ್ಕೆ ಸುಮಾರು 58 ಶೇಕಡ. ಜೊಮ್ಯಾಟೊ ಲೆಕ್ಕದಲ್ಲಿ 10 ಶೇಕಡ ಸಾಕಾಗಿತ್ತಲ್ಲ ಎಂದು ಯಾರಾದರೂ ಕೇಳಿಯೇ ಕೇಳುತ್ತಾರೆ. ಅಲ್ಲಿ ಕಂಪನಿ ಮುಚ್ಚುವ ಅಪಾಯವನ್ನು ಬೇರೆ ಸಾಲಿನಲ್ಲಿ ಕಳೆದಿದ್ದೆವು. ಇಲ್ಲಿ ಅದೇ ಅಪಾಯ 58ರ ಒಳಗೇ ಅಡಗಿದೆ: ಹತ್ತು ಕಂಪನಿಗಳಿಗೆ ಹಣ ಹಾಕಿದವನಿಗೆ ಹಲವು ಮುಚ್ಚಿಹೋಗುತ್ತವೆ ಎಂಬ ಅರಿವಿರುತ್ತದೆ, ಉಳಿದವು ಆ ನಷ್ಟವನ್ನೂ ತುಂಬಬೇಕು. ಒಂದೇ ಅಪಾಯಕ್ಕೆ ಎರಡು ಕಡೆ ಕತ್ತರಿ ಹಾಕಬಾರದು. ಹೂಡಿಕೆದಾರ 58 ಶೇಕಡದಲ್ಲಿ ಇಳಿಸಿದ ಮೇಲೂ ಸೋಲಿನ ಸಾಧ್ಯತೆ ಎಂದು ಮತ್ತೆ ಅರ್ಧ ಕಡಿಯುತ್ತಿದ್ದರೆ, ಎರಡು ಸಲ ಕಳೆದಿದ್ದೀರಿ ಎಂದು ಹೇಳುವ ಹಕ್ಕು ಸ್ಥಾಪಕರಿಗಿದೆ.

ನಮ್ಮ ದೇಶದಲ್ಲಿ ಡಿಸಿಎಫ್‌ಗೆ ಇನ್ನೊಂದು ಚರಿತ್ರೆಯೂ ಇದೆ. 2012ರಲ್ಲಿ ಬಂದ, ಜನ ಏಂಜೆಲ್ ಟ್ಯಾಕ್ಸ್ ಎಂದು ಕರೆದ ನಿಯಮದಡಿ ನ್ಯಾಯಯುತ ಬೆಲೆಗಿಂತ ಹೆಚ್ಚಿಗೆ ಷೇರು ಕೊಟ್ಟರೆ ಆ ಹೆಚ್ಚುವರಿ ಹಣಕ್ಕೆ ತೆರಿಗೆ ಬೀಳುತ್ತಿತ್ತು. ಬೆಲೆ ಸಾಬೀತು ಮಾಡಲು ಕಂಪನಿಗಳು ಡಿಸಿಎಫ್ ವರದಿ ಕೊಡುತ್ತಿದ್ದವು. ಎರಡು ಮೂರು ವರ್ಷ ಕಳೆದ ಮೇಲೆ ಅಧಿಕಾರಿಗಳು ಅಂದಾಜಿನ ಆದಾಯವನ್ನೂ ನಿಜವಾದ ಆದಾಯವನ್ನೂ ಪಕ್ಕಪಕ್ಕ ಇಟ್ಟು, ನೀವು ಹೇಳಿದಂತೆ ಆಗಲಿಲ್ಲವಲ್ಲ ಎಂದು ನೋಟಿಸು ಕಳಿಸಿದ ಪ್ರಕರಣಗಳು ನ್ಯಾಯಮಂಡಳಿಗಳ ತನಕ ಹೋದವು. ಊಹೆ ಮಾಡಿದ ದಿನ ಅದಕ್ಕೆ ಆಧಾರವಿತ್ತೇ ಎಂದು ಕೇಳಬೇಕೇ ಹೊರತು ಊಹೆ ಫಲಿಸಿತೇ ಎಂದಲ್ಲ. 2024ರ ಜುಲೈ ಬಜೆಟ್ಟಿನಲ್ಲಿ ಈ ತೆರಿಗೆಯನ್ನು ಕೈಬಿಡಲಾಯಿತು. ಆದರೆ ವಿದೇಶಿ ಹಣ ಪಡೆಯುವಾಗ ಒಪ್ಪಿತ ವಿಧಾನದಲ್ಲಿ ಕಟ್ಟಿದ ಬೆಲೆಯ ಪ್ರಮಾಣಪತ್ರ ಇಂದಿಗೂ ಬೇಕು. ಅದನ್ನು ಬರೆದುಕೊಡುವ ಲೆಕ್ಕಪರಿಶೋಧಕರು ನಿಮ್ಮ ಅಂದಾಜುಗಳನ್ನೇ ಆಧಾರ ಮಾಡಿಕೊಳ್ಳುತ್ತಾರೆ.

ಆದ್ದರಿಂದ ವಿದ್ಯಾರ್ಥಿಗಳಲ್ಲಿ ಒಂದು ಕೋರಿಕೆ. ಮುಂದಿನ ವಾರ ಹಾಳೆ ಒಪ್ಪಿಸುವಾಗ ಕೊನೆಯ ಬೆಲೆಯನ್ನು ದಪ್ಪ ಅಕ್ಷರದಲ್ಲಿ ಬರೆಯಬೇಡಿ. ಅದನ್ನು ಅತಿ ಹೆಚ್ಚು ಅಲುಗಾಡಿಸುವ ಮೂರು ಊಹೆಗಳನ್ನು ಮೇಲೆ ಬರೆಯಿರಿ, ಪ್ರತಿಯೊಂದರ ಎದುರಿಗೆ ಅದು ಎಲ್ಲಿಂದ ಬಂತು ಎಂದು ಒಂದು ಸಾಲು, ಅದನ್ನು ಅರ್ಧ ಮಾಡಿದರೆ ಬೆಲೆ ಎಷ್ಟಾಗುತ್ತದೆ ಎಂದು ಒಂದು ಅಂಕಿ. ಬೆಲೆಗೆ ನಾನು ಅಂಕ ಕೊಡುವುದಿಲ್ಲ, ಆ ಮೂರು ಸಾಲುಗಳಿಗೆ ಕೊಡುತ್ತೇನೆ.